ನಾಳೆ ಹೇಳಬಹುದೇ, ಮೇಡಂ?

ಹೋದ ವರ್ಷ ನಮ್ಮ ಹೈಸ್ಕೂಲಿಗೆ ಗಣಿತಕ್ಕೆಂದು ಹೊಸ ಟೀಚರೊಬ್ಬಳು ಬಂದಳು. ಮೊದಲ ನೇಮಕಾತಿ, ಎರಡು ವರ್ಷದ ಪ್ರೊಬೇಷನ್. ಬಂದ ವಾರದಲ್ಲೇ ವಾರ್ಷಿಕೋತ್ಸವದ ನಾಟಕ ಅವಳ ಪಾಲಿಗೆ ಬಂತು, ನಗುನಗುತ್ತ ಒಪ್ಪಿಕೊಂಡಳು. ಆಮೇಲೆ ಬಿಸಿಯೂಟದ ಮೊಟ್ಟೆ, ಬಾಳೆಹಣ್ಣಿನ ಲೆಕ್ಕದ ರಿಜಿಸ್ಟರನ್ನು ನಾನೇ ಹಿಡಿದುಕೊಂಡು ಹೋದೆ. ಅದು ಅಲ್ಲಿಯವರೆಗೆ ನನ್ನ ತಲೆಯ ಮೇಲಿದ್ದ ಕೆಲಸ. "ಇದೊಂದು ನೋಡಿಕೊಳ್ಳಮ್ಮ, ದಿನಕ್ಕೆ ಹತ್ತು ನಿಮಿಷ ಅಷ್ಟೆ" ಎಂದೆ. ಸುಳ್ಳು. ತರಗತಿವಾರು ಹಾಜರಿ ತರಿಸಿ, ಮೊಟ್ಟೆ ಎಷ್ಟು, ಹಣ್ಣು ಎಷ್ಟು ಎಂದು ತಾಳೆ ಹಾಕುವಷ್ಟರಲ್ಲಿ ಒಂದು ಪೀರಿಯಡ್ ಮುಗಿದಿರುತ್ತದೆ.

ಅವಳು ರಿಜಿಸ್ಟರನ್ನು ಮುಟ್ಟಲಿಲ್ಲ. "ನಾಳೆ ಹೇಳಬಹುದೇ, ಮೇಡಂ?" ಎಂದಳು.

ನನಗೆ ಚುರುಕ್ಕೆಂದಿತು. ನಾನು 1994ರಲ್ಲಿ ಕೆಲಸಕ್ಕೆ ಸೇರಿದಾಗ ಹಿರಿಯರಿಗೆ ಹಾಗೆ ಹೇಳುವುದುಂಟೇ? ಪ್ರಾರ್ಥನೆ, ಗ್ರಂಥಾಲಯ, ಮಕ್ಕಳ ಸಂಚಯಿಕದ ಹಣ, ಎಲ್ಲಕ್ಕೂ "ಆಗಲಿ ಸರ್" ಎಂದವಳು ನಾನು. ಎಲ್ಲರೂ "ಹುಡುಗಿ ಬಹಳ ಚುರುಕು" ಎಂದರು. ದೀಪಾವಳಿ ಹೊತ್ತಿಗೆ ಸಂಚಯಿಕದಲ್ಲಿ 37 ರೂಪಾಯಿ ತಾಳೆಯಾಗಲಿಲ್ಲ, ಅರ್ಧವಾರ್ಷಿಕ ಪರೀಕ್ಷೆಯ ಉತ್ತರ ಪತ್ರಿಕೆಗಳು ಮನೆಯ ಟ್ರಂಕಿನಲ್ಲೇ ಉಳಿದಿದ್ದವು. ಹೆಡ್ ಮಾಸ್ಟರು ಸಭೆಯಲ್ಲಿ ಎಲ್ಲರೆದುರು, "ಆಗದಿದ್ದರೆ ಮೊದಲೇ ಹೇಳಬಾರದಿತ್ತೇ?" ಎಂದರು. ಚುರುಕು ಎಂದಿದ್ದವರೆಲ್ಲ ಕಿಟಕಿಯ ಕಡೆ ನೋಡುತ್ತಿದ್ದರು. ಆಮೇಲೆ ಒಲ್ಲೆ ಎನ್ನಲು ಕಲಿತೆ, ಆದರೆ ಕಳ್ಳದಾರಿಯಲ್ಲಿ. ಅತ್ತೆಗೆ ಹುಷಾರಿಲ್ಲ ಎಂದು ಎರಡು ಕೆಲಸ ತಪ್ಪಿಸಿಕೊಂಡೆ. ಮೂರನೆಯ ಸಲ ಹೆಡ್ ಮಾಸ್ಟರ ಹೆಂಡತಿ ಸಂತೆಯಲ್ಲಿ ನಮ್ಮ ಅತ್ತೆ ಕುಂಬಳಕಾಯಿ ಚೌಕಾಸಿ ಮಾಡುವುದನ್ನು ಕಂಡರು. ಮುಂದಿನ ವರ್ಷ ಅತ್ತೆಗೆ ನಿಜವಾಗಿ ಜ್ವರ ಬಂದಾಗ ರಜೆ ಕೇಳಲು ನನಗೇ ಮುಖವಿರಲಿಲ್ಲ.

ಮರುದಿನ ಸಂಜೆ ಗಂಟೆ ಹೊಡೆದ ಮೇಲೆ, ಸ್ಟಾಫ್ ರೂಮು ಖಾಲಿಯಾದಾಗ, ಅವಳು ಬಂದಳು. ಕೈಯಲ್ಲಿ ಒಂದು ಹಾಳೆ. ವಾರಕ್ಕೆ 40 ಪೀರಿಯಡ್, ಅವಳ ಪಾಠ 28, ಬಿಡುವು 12. ತಲಾ 40 ನಿಮಿಷದಂತೆ ಎಂಟು ಗಂಟೆ. ಮೂರು ಸೆಕ್ಷನ್ನಿನ 135 ನೋಟ್ ಬುಕ್ಕು. ಒಂದಕ್ಕೆ ನಾಲ್ಕು ನಿಮಿಷವೆಂದರೂ ಒಂಬತ್ತು ಗಂಟೆ. "ಈಗಲೇ ಒಂದು ಗಂಟೆ ಮನೆಗೆ ಹೋಗುತ್ತಿದೆ ಮೇಡಂ. ನಾಟಕ ಒಪ್ಪಿದ್ದೇನೆ, ಬಿಡುವುದಿಲ್ಲ. ರಿಜಿಸ್ಟರು ಈ ವರ್ಷ ನನ್ನಿಂದ ಆಗದು. ತಿಂಗಳ ಕೊನೆಯ ದಿನ ಒಟ್ಟು ಲೆಕ್ಕ ಕೂಡಿಸುವಾಗ ಬೇಕಾದರೆ ಜೊತೆಗೆ ಕೂರುತ್ತೇನೆ."

ಕ್ಷಮೆ ಕೇಳಲಿಲ್ಲ, ಅತ್ತೆಯನ್ನು ಮಲಗಿಸಲಿಲ್ಲ. "ನೋಡೋಣ" ಎಂದು ನನ್ನನ್ನು ಕಾಯಿಸಲೂ ಇಲ್ಲ. ಇಷ್ಟು ಆಗುತ್ತದೆ, ಇಷ್ಟು ಆಗದು ಎಂದಳು, ಅದೂ ಇಬ್ಬರೇ ಇದ್ದಾಗ. ಅದೇ ಮಾತನ್ನು ಹತ್ತು ಜನರ ನಡುವೆ ಹೇಳಿದ್ದರೆ ನಾನು ಅವಳನ್ನು ಉದ್ಧಟೆ ಎಂದು ಊರೆಲ್ಲ ಸಾರುತ್ತಿದ್ದೆ, ನನ್ನನ್ನು ನಾನು ಬಲ್ಲೆ. ಸಾಲದ್ದಕ್ಕೆ ನಾಟಕ ಚೆನ್ನಾಗಿ ಆಯಿತು. ಅದು ಕೆಟ್ಟಿದ್ದರೆ ಅವಳ ಹಾಳೆಯ ಲೆಕ್ಕವನ್ನು ಯಾರೂ ನಂಬುತ್ತಿರಲಿಲ್ಲ.

ಎಲ್ಲಕ್ಕೂ ಹೀಗೆ ಹೇಳಲಾಗದು, ನಿಜ. ಜನಗಣತಿ, ಚುನಾವಣೆ ಎಂದು ಆದೇಶ ಬಂದರೆ ಹೊರಡಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆ ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಚ್ಚಬಾರದು ಎನ್ನುವಾಗ ಇವೆರಡನ್ನೂ ವಿಪತ್ತು ಪರಿಹಾರವನ್ನೂ ಹೊರಗಿಟ್ಟಿದೆ. ನಾನು ತಂದದ್ದು ಆದೇಶವಲ್ಲ, ನನ್ನ ಹೊರೆ. ಆ ವ್ಯತ್ಯಾಸ ಅವಳಿಗೆ ನನಗಿಂತ ಮೊದಲೇ ತಿಳಿದಿತ್ತು.

ಆದರೆ ಅವಳು ಬೇಡವೆಂದ ಕೆಲಸ ಗಾಳಿಯಲ್ಲಿ ಕರಗಲಿಲ್ಲ. ನಾನು ಎರಡನೆಯ ಯೋಚನೆಯಿಲ್ಲದೆ ಅದನ್ನು ನಮ್ಮ ಅತಿಥಿ ಶಿಕ್ಷಕಿಗೆ ಕೊಟ್ಟೆ. ಗೌರವಧನಕ್ಕೆ ದುಡಿಯುವವಳು, ಬರುವ ಜೂನ್‌ನಲ್ಲಿ ಮತ್ತೆ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲದವಳು. ಅವಳು "ನಾಳೆ ಹೇಳುತ್ತೇನೆ" ಎನ್ನಲಿಲ್ಲ. "ಆಗಲಿ ಮೇಡಂ" ಎಂದಳು, ನಾನು 1994ರಲ್ಲಿ ಹೇಳಿದ ಹಾಗೆಯೇ. ಗಣಿತದ ಟೀಚರಿಗೆ ಈ ವಿಷಯ ತಿಳಿದ ದಿನ ಅವಳು ನನ್ನ ಮುಖವನ್ನೇ ನೋಡಿದಳು. "ಬೇಡ ಎಂದದ್ದು ತಪ್ಪಾಯಿತೇ ಮೇಡಂ?" ಎಂದಳು. ನಿನ್ನದಲ್ಲಮ್ಮ ಎಂದೆ.

ಎರಡು ವಾರ ತಡೆದು, ಹೋಗಿ ರಿಜಿಸ್ಟರನ್ನು ವಾಪಸು ತಂದೆ. ಎಂಟನೆಯ ತರಗತಿಯ ಪುಟದಲ್ಲಿ ಅತಿಥಿ ಶಿಕ್ಷಕಿಯ ದುಂಡು ಅಕ್ಷರ, ಒಂದು ತಪ್ಪೂ ಇಲ್ಲ. ತಿಂಗಳ ಕೊನೆಯ ದಿನ ಗಣಿತದ ಟೀಚರು ಹೇಳಿದಂತೆ ಬಂದು ಕೂರುತ್ತಾಳೆ. ನಾನು ಸಂಖ್ಯೆ ಓದುತ್ತೇನೆ, ಅವಳು ಕೂಡುತ್ತಾಳೆ.