‘ಏಕೆಂದರೆ’ ಯಾರದು?

ಬೆಂಗಳೂರಿನಲ್ಲಿ ನಾನು ಮಾಡುವ ಕೆಲಸಕ್ಕೆ ಕನ್ನಡದಲ್ಲಿ ಒಂದು ಒಪ್ಪುವ ಹೆಸರಿಲ್ಲ. ಇಂಗ್ಲಿಷಿನಲ್ಲಿ ಘೋಸ್ಟ್ ರೈಟರ್ ಎನ್ನುತ್ತಾರೆ. ನಮ್ಮಮ್ಮ ನೆಂಟರಿಗೆ ‘ಇನ್ನೊಬ್ಬರಿಗೆ ಬರೆದುಕೊಡ್ತಾಳೆ’ ಎಂದಷ್ಟೇ ಹೇಳುತ್ತಾಳೆ, ಅದೇ ಸರಿಯಾದ ವಿವರಣೆ. ಕಂಪನಿ ಕಟ್ಟಿದ ಫೌಂಡರ್‌ಗಳು ತಮ್ಮ ಕ್ಷೇತ್ರದ ಬಗ್ಗೆ ಆಳವಾಗಿ ಆಲೋಚಿಸಿ ಬರೆದಂತೆ ಕಾಣುವ ಲೇಖನಗಳು ಲಿಂಕ್ಡ್‌ಇನ್‌ನಲ್ಲೋ ವಾಣಿಜ್ಯ ಪತ್ರಿಕೆಗಳ ಅಭಿಪ್ರಾಯ ಪುಟದಲ್ಲೋ ಬರುತ್ತವಲ್ಲ, ಥಾಟ್ ಲೀಡರ್‌ಶಿಪ್ ಎಂಬ ಭಾರವಾದ ಹೆಸರಿನಲ್ಲಿ, ಅವುಗಳಲ್ಲಿ ಕೆಲವನ್ನು ಬರೆಯುವವಳು ನಾನು.

ನನ್ನ ಕೈಗೆ ಸಿಗುವ ಸಾಮಗ್ರಿ ಬಹಳ ಕಡಿಮೆ. ನಲವತ್ತು ನಿಮಿಷದ ವಿಡಿಯೊ ಕರೆ ಎಂದು ಗೊತ್ತಾಗಿರುತ್ತದೆ. ಅವರು ಐದು ನಿಮಿಷ ತಡವಾಗಿ ಬರುತ್ತಾರೆ, ನಡುವೆ ಎರಡು ಫೋನು, ಕೊನೆಗೆ ಮುಂದಿನ ಮೀಟಿಂಗಿಗೆ ಓಟ. ಇದರ ಜೊತೆಗೆ ಕಾರಿನಲ್ಲಿ ಕೂತು ಮೊಬೈಲಿನಲ್ಲಿ ಒತ್ತಿ ಕಳಿಸಿದ ಹತ್ತು ಹನ್ನೆರಡು ಸಾಲಿನ ಟಿಪ್ಪಣಿ. ಇಷ್ಟರಿಂದ ಒಂಬೈನೂರು ಪದಗಳ ಲೇಖನ ಆಗಬೇಕು. ಮಾತಿನ ಬರಹರೂಪವನ್ನು ಸೋಸಿದರೆ, ಹಾಗೇ ಎತ್ತಿಟ್ಟುಕೊಳ್ಳಬಹುದಾದ ವಾಕ್ಯಗಳು ಒಂದು ಪುಟವೂ ಆಗುವುದಿಲ್ಲ. ಉಳಿದದ್ದು ಎಲ್ಲಿಂದ ಬರುತ್ತದೆ ಎಂಬುದೇ ಈ ಕೆಲಸದ ನೈತಿಕ ಪ್ರಶ್ನೆ ಎಂದು ನನಗೆ ಅನ್ನಿಸಿದೆ.

ಸಾಹಿತ್ಯದ ಗೆಳೆಯರು ಸಾಮಾನ್ಯವಾಗಿ ಕೇಳುವುದು ಬೇರೆ ಪ್ರಶ್ನೆ. ನೀನು ಬರೆದದ್ದಕ್ಕೆ ಇನ್ನೊಬ್ಬರ ಹೆಸರು ಹಾಕುವುದು ಸುಳ್ಳಲ್ಲವೇ ಎನ್ನುತ್ತಾರೆ. ಈ ಆಕ್ಷೇಪ ನನ್ನನ್ನು ಅಷ್ಟಾಗಿ ಕಾಡುವುದಿಲ್ಲ. ತಾಲ್ಲೂಕು ಕಚೇರಿಯ ಮುಂದೆ ಮರದ ಕೆಳಗೆ ಕೂತು ಅರ್ಜಿ ಬರೆದುಕೊಡುವವರನ್ನು ಯಾರೂ ಸುಳ್ಳುಗಾರರು ಎನ್ನುವುದಿಲ್ಲ. ‘ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂಬ ಮಾತು ವಿಧವಾ ವೇತನ ಕೇಳಲು ಬಂದ ಮುದುಕಿಯದಲ್ಲ, ಆದರೆ ಗಂಡ ಸತ್ತದ್ದು, ವೇತನ ನಿಂತದ್ದು ಅವಳದೇ. ಅಧಿಕಾರಿ ಎದುರು ನಿಲ್ಲಿಸಿ ‘ಏನಮ್ಮ ಇದು’ ಎಂದರೆ ಅವಳು ಉತ್ತರ ಹೇಳಬಲ್ಲಳು.

ಈ ಕಸುಬು ಹಳೆಯದು. ಪ್ರಾಚೀನ ಅಥೆನ್ಸಿನಲ್ಲಿ ವ್ಯಾಜ್ಯ ಹೂಡಿದವನು ನ್ಯಾಯಾಲಯದಲ್ಲಿ ತಾನೇ ನಿಂತು ಮಾತನಾಡಬೇಕಿತ್ತು. ಬಾರದವರು ಹಣ ಕೊಟ್ಟು ಭಾಷಣ ಬರೆಸಿಕೊಂಡು, ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು. ಹಾಗೆ ಬರೆದುಕೊಡುವವರಲ್ಲಿ ಲೈಸಿಯಾಸ್ ಬಲು ಹೆಸರುವಾಸಿ. ಮಾತನಾಡುವ ಮನುಷ್ಯನ ಸ್ವಭಾವಕ್ಕೆ ತಕ್ಕ ಭಾಷೆ ಕಟ್ಟುವುದು ಅವನ ಹೆಚ್ಚುಗಾರಿಕೆ. ಪ್ಲೇಟೋನ ‘ಫೀಡ್ರಸ್’ ಸಂವಾದ ಶುರುವಾಗುವುದೇ ಅವನ ಒಂದು ಭಾಷಣದಿಂದ. ಫೀಡ್ರಸ್ ಅದನ್ನು ನೆನಪಿನಿಂದ ಹೇಳುವವನಂತೆ ನಟಿಸುತ್ತಾನೆ. ನಿನ್ನ ಮೇಲುವಸ್ತ್ರದ ಅಡಿಯಲ್ಲಿ ಇರುವುದನ್ನು ಮೊದಲು ತೋರಿಸು ಎಂದು ಸಾಕ್ರಟೀಸ್ ಕೇಳುತ್ತಾನೆ. ಅದೇ ಸಂವಾದದ ಕೊನೆಯ ಕಡೆಗೆ ಬರುವ ವಿಚಾರ ನನಗೆ ಬೇಕಾದದ್ದು. ಬರಹವನ್ನು ಪ್ರಶ್ನೆ ಕೇಳಿದರೆ ಅದು ಹೇಳಿದ್ದನ್ನೇ ಹೇಳುತ್ತದೆ, ತನ್ನನ್ನು ತಾನು ಕಾಪಾಡಿಕೊಳ್ಳಲಾರದು, ಅದರ ತಂದೆ ನೆರವಿಗೆ ಬರಬೇಕು. ಹಾಗಾದರೆ ನಾನು ಬರೆದ ಲೇಖನವನ್ನು ಯಾರಾದರೂ ಪ್ರಶ್ನಿಸಿದಾಗ ನೆರವಿಗೆ ಬರಬೇಕಾದವರು ಯಾರು? ನಾನಂತೂ ಬರುವಂತಿಲ್ಲ, ಗುಟ್ಟು ಕಾಯುತ್ತೇನೆಂದು ಸಹಿ ಹಾಕಿದ್ದೇನೆ. ಹೆಸರು ಹಾಕಿಕೊಂಡವರೇ ಬರಬೇಕು. ಅವರಿಗೆ ಆಗದಿದ್ದರೆ ಆ ಲೇಖನ ತಬ್ಬಲಿ.

ಪದಗಳು ನನ್ನವಾದರೆ ತೊಂದರೆಯಿಲ್ಲ, ಅನುಕ್ರಮ ನನ್ನದಾದರೂ ನಡೆಯುತ್ತದೆ. ಎಡವಟ್ಟಾಗುವುದು ‘ಏಕೆಂದರೆ’ ಎಂಬಲ್ಲಿ. ಫೌಂಡರ್‌ಗಳು ನಡೆದದ್ದನ್ನು ಹೇಳುತ್ತಾರೆ, ನಂಬಿಕೆಗಳನ್ನು ಹೇಳುತ್ತಾರೆ. ಇವೆರಡರ ನಡುವಿನ ಕೊಂಡಿಯನ್ನು ಹೇಳಲು ಅವರಿಗೆ ಪುರುಸೊತ್ತಿರುವುದಿಲ್ಲ. ಓದುಗರಿಗೆ ಬೇಕಾದದ್ದು ಆ ಕೊಂಡಿಯೇ. ಬರೆಯುವವಳಿಗೆ ಅದನ್ನು ಹೊಸೆಯುವುದು ಎಲ್ಲಕ್ಕಿಂತ ಸುಲಭ.

ಒಂದು ಉದಾಹರಣೆಯನ್ನೇ ಬಿಡಿಸಿ ನೋಡೋಣ. ಸಣ್ಣ ಊರುಗಳ ಕಿರಾಣಿ ಅಂಗಡಿಗಳಿಗೆ ಸರಕನ್ನು ಸಾಲದ ಮೇಲೆ ಒದಗಿಸುವ ಒಂದು ಕಂಪನಿ. ಅಂಗಡಿಯವರು ಮೊಬೈಲಿನಲ್ಲಿ ಸರಕು ತರಿಸಿಕೊಂಡು ಎರಡು ವಾರದೊಳಗೆ ಹಣ ಕಟ್ಟಬೇಕು. ಸಾಲದ ಹಣ ಕಂಪನಿಯದಲ್ಲ, ಅದರ ಹಿಂದೆ ಇರುವ ಒಂದು ಹಣಕಾಸು ಸಂಸ್ಥೆಯದು. ಫೌಂಡರ್ ಕಳಿಸಿದ ಟಿಪ್ಪಣಿಯಲ್ಲಿ ಮೂರು ಸಾಲು ಮುಖ್ಯವಾಗಿದ್ದವು: ‘ಗ್ರೋತ್‌ಗಿಂತ ಟ್ರಸ್ಟ್ ದೊಡ್ಡದು’, ‘ಮೂರು ಊರಲ್ಲಿ ಸಾಲ ನಿಲ್ಲಿಸಿದ್ದು, ಹಾರ್ಡ್ ಡಿಸಿಷನ್’, ‘ಅಪ್ಪನ ಉದ್ರಿ ಪುಸ್ತಕ’.

ಈ ಮೂರು ಸಾಲು ಓದಿದ ತಕ್ಷಣ ಲೇಖನ ತಾನಾಗಿಯೇ ಕಣ್ಣಮುಂದೆ ಬರುತ್ತದೆ. ಅಪ್ಪನ ಅಂಗಡಿಯಲ್ಲಿ ಉದ್ರಿ ಪುಸ್ತಕ ನೋಡಿ ಬೆಳೆದ ಹುಡುಗ, ನಂಬಿಕೆಯ ಬೆಲೆ ಕಲಿತವನು, ಮುಂದೆ ಬೆಳವಣಿಗೆಯ ಆಮಿಷ ಬಂದಾಗ ಮೂರು ಊರುಗಳಲ್ಲಿ ಸಾಲ ನಿಲ್ಲಿಸಿದ, ಏಕೆಂದರೆ ಬೆಳವಣಿಗೆಗಿಂತ ನಂಬಿಕೆ ದೊಡ್ಡದು. ಎಷ್ಟು ಚೆನ್ನಾಗಿ ಕೂಡಿಕೊಳ್ಳುತ್ತದೆ! ಅವರೂ ಓದಿ ಒಪ್ಪಿಬಿಡುತ್ತಿದ್ದರು.

ಕರೆ ಮುಗಿಯಲು ಹತ್ತು ನಿಮಿಷ ಇದ್ದಾಗ ಕೇಳಿದೆ: “ಆ ಮೂರು ಊರು ನಿಲ್ಲಿಸಬೇಕು ಅಂತ ಮೊದಲು ಹೇಳಿದ್ದು ಯಾರು ಸರ್?” ಇಂಥ ಕರೆಗಳಲ್ಲಿ ‘ಏಕೆ’ ಎಂದು ಕೇಳಿ ಪ್ರಯೋಜನವಿಲ್ಲ, ‘ಏಕೆ’ಗೆ ಅವರ ಬಳಿ ಪಾಲಿಶ್ ಮಾಡಿಟ್ಟ ಉತ್ತರ ಇರುತ್ತದೆ. ಯಾರು, ಯಾವ ದಿನ, ಬೇಡ ಎಂದವರು ಯಾರು, ಬೇರೆ ದಾರಿ ಏನಿತ್ತು ಎಂದು ಕೇಳಬೇಕು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ನಿಜ ಹೇಳಬೇಕಂದ್ರೆ ಯಾರೂ ಹೇಳಲಿಲ್ಲ ಮೇಡಂ. ಲಿಮಿಟ್ ಕಟ್ ಆಯ್ತು.”

ದೀಪಾವಳಿಗೆ ಕೊಟ್ಟ ಸರಕಿನ ಹಣ ಆ ಊರುಗಳಿಂದ ಸರಿಯಾಗಿ ಬರಲಿಲ್ಲ. ಹಣಕಾಸು ಸಂಸ್ಥೆ ಸಾಲದ ಮಿತಿಯನ್ನು ಇಳಿಸಿತು. ಇದು ಈ ವ್ಯವಹಾರದಲ್ಲಿ ತೀರಾ ಮಾಮೂಲಿ. ನಷ್ಟವಾದರೆ ನಾವು ತುಂಬಿಕೊಡುತ್ತೇವೆ ಎಂದು ಇಂಥ ಕಂಪನಿಗಳು ಸಾಲದಾತರಿಗೆ ಕೊಡುವ ಖಾತರಿಗೂ ಒಂದು ಮೇರೆ ಇದೆ: 2023ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಅದನ್ನು ಒಟ್ಟು ಸಾಲದ ಶೇಕಡಾ 5ಕ್ಕೆ ಸೀಮಿತಗೊಳಿಸಿತು. ಅದರಾಚೆಯ ಗಂಡಾಂತರ ಹಣ ಹಾಕಿದವರದೇ, ಆದ್ದರಿಂದ ಅವರ ಕೈ ಬೇಗ ಬಿಗಿಯಾಗುತ್ತದೆ. ಇಲ್ಲಿ ಆಯ್ಕೆಯೇ ಇರಲಿಲ್ಲ. ‘ನಂಬಿಕೆ’ ಎಂಬುದು ಆಮೇಲೆ ಇಟ್ಟ ಹೆಸರು.

“ನಿಂತ ಮೇಲೆ ಏನಾಯ್ತು?” ಎಂದೆ. ಆಗ ಅವರ ದನಿ ಬದಲಾಯಿತು. ಆ ಊರುಗಳ ಪೈಕಿ ಒಂದರಲ್ಲಿ ವಸೂಲಿ ನೋಡಿಕೊಳ್ಳುತ್ತಿದ್ದ ಹುಡುಗ ಫೋನು ಮಾಡಿ ಒಂದು ಮಾತು ಹೇಳಿದನಂತೆ: “ಸರ್, ಕೊಡೋದು ನಿಲ್ಲಿಸಿದ ಮೇಲೇ ನೋಡ್ರಿ, ಯಾರು ಕಟ್ಟೋರು ಅಂತ ಗೊತ್ತಾಗೋದು.” ಸಾಲ ಸಿಗುತ್ತಿದ್ದಾಗ ಎಲ್ಲರೂ ಸಮಯಕ್ಕೆ ಕಟ್ಟುತ್ತಿದ್ದರು. ಹೊಸ ಸರಕು ಮಾರಿ ಬಂದ ದುಡ್ಡಿನಿಂದ ಹಳೆಯ ಸಾಲ ತೀರಿಸಿ, ಮತ್ತೆ ಸರಕು ತರಿಸುತ್ತಿದ್ದರು. ಲಾಭವಿಲ್ಲದ ಅಂಗಡಿಯೂ ಈ ಚಕ್ರ ತಿರುಗುವವರೆಗೆ ಒಳ್ಳೆಯ ಗಿರಾಕಿಯಂತೆ ಕಾಣುತ್ತಿತ್ತು. ಚಕ್ರ ನಿಂತಾಗ ಕೆಲವರು ಕೈಯೆತ್ತಿದರು, ಕೆಲವರು ಸರಕಿಲ್ಲದಿದ್ದರೂ ಹಳೆಯ ಬಾಕಿಯನ್ನು ವಾರ ವಾರ ಇಷ್ಟಿಷ್ಟೇ ಕಟ್ಟಿದರು. ಅಂದರೆ ಸಾಲ ನಡೆಯುತ್ತಿರುವ ಬೇರೆ ಊರುಗಳ ಚೆಂದದ ಅಂಕಿಗಳನ್ನೂ ಪೂರ್ತಿ ನಂಬುವಂತಿಲ್ಲ ಎಂದಾಯಿತು. ಇದು ಅವರು ನಿಜಕ್ಕೂ ಕಂಡುಕೊಂಡದ್ದು. ಟಿಪ್ಪಣಿಯಲ್ಲಿ ಇದರ ಒಂದಕ್ಷರವೂ ಇರಲಿಲ್ಲ.

ಕರಡಿಗೆ ನಾನು ಬಣ್ಣ ಹಚ್ಚುತ್ತೇನೆ. ಅವರೇ ಹೇಳಿದ ವಾಕ್ಯಕ್ಕೆ ಹಳದಿ, ಅವರು ಹೇಳಿದ್ದರಿಂದ ನಾನು ಊಹಿಸಿದ್ದಕ್ಕೆ ಹಸಿರು. ಬಣ್ಣವಿಲ್ಲದೆ ಉಳಿದದ್ದು ನನ್ನ ಸ್ವಂತದ್ದು. ಸೇತುವೆಯಂಥ ಮಾತುಗಳಿಗೆ ಬಣ್ಣವಿಲ್ಲದಿದ್ದರೆ ಪರವಾಗಿಲ್ಲ. ಕಾರಣ ಹೇಳುವ ವಾಕ್ಯ ಬಿಳಿಯಾಗಿ ಕಂಡರೆ ಅದನ್ನು ಕೇಳಿ ಹಳದಿ ಮಾಡಿಸಬೇಕು, ಇಲ್ಲವೇ ಅಳಿಸಬೇಕು.

ಹಸಿರಿನಲ್ಲೂ ಅಪಾಯವಿದೆ. ಇದೇ ಕೆಲಸ ಮಾಡುವ ಗೆಳತಿಯೊಬ್ಬಳು ಹೇಳಿದ ಸಂಗತಿ ಇದು. ಬೇರೊಬ್ಬ ಫೌಂಡರ್ ‘ಅಪ್ಪನಿಗೆ ಅಂಗಡಿ ಇತ್ತು’ ಎಂದಿಷ್ಟೇ ಹೇಳಿದ್ದರು. ಆಕೆ ಬೆಲ್ಲದ ಮೂಟೆಯ ಮೇಲೆ ಕೂತು ಲೆಕ್ಕ ನೋಡುತ್ತಿದ್ದ ಹುಡುಗನನ್ನು ಬರೆದಳು. ವರ್ಷದ ನಂತರ ಒಂದು ವೇದಿಕೆಯ ಮೇಲೆ ಆತ ಬೆಲ್ಲದ ಮೂಟೆಯನ್ನು, ಅದರ ವಾಸನೆ ಸಮೇತ, ಕಣ್ಣು ತುಂಬಿಕೊಂಡು ನೆನೆದರಂತೆ. ಆತ ಸುಳ್ಳು ಹೇಳುತ್ತಿರಲಿಲ್ಲ, ಅಷ್ಟುಹೊತ್ತಿಗೆ ಅದು ಆತನ ನೆನಪೇ ಆಗಿತ್ತು. ಬೆಲ್ಲದ ಮೂಟೆಯಿಂದ ಯಾರಿಗೂ ಕೇಡಿಲ್ಲ, ನಿಜ. ಆದರೆ ಕಾರಣವೂ ಹೀಗೆಯೇ ಒಳಗೆ ಇಳಿಯುತ್ತದೆ. ‘ನಂಬಿಕೆಗಾಗಿ ನಿಲ್ಲಿಸಿದೆವು’ ಎಂದು ಬರೆದುಕೊಟ್ಟಿದ್ದರೆ, ಮುಂದಿನ ಸಲ ಸಾಲದಾತರು ಮಿತಿ ಇಳಿಸುವ ಮುನ್ನ ತಾನೇ ಎಚ್ಚೆತ್ತುಕೊಳ್ಳಬಲ್ಲೆ ಎಂದು ಆ ಮನುಷ್ಯ ನಂಬುತ್ತಿದ್ದರು. ಓದಿದ ಇನ್ನೊಬ್ಬ ಹುಡುಗ, ತನ್ನ ಕಂಪನಿ ಕಟ್ಟುತ್ತಿರುವವನು, ಸಾಲದ ಅಂಕಿ ಚೆನ್ನಾಗಿರುವವರೆಗೆ ತನ್ನ ಅಂಗಡಿಯವರೂ ಚೆನ್ನಾಗಿದ್ದಾರೆ ಎಂದೇ ಇರುತ್ತಿದ್ದ.

‘ಅವರು ಓದಿ ಒಪ್ಪಿದರಲ್ಲ, ಇನ್ನು ಅವರದೇ’ ಎಂಬ ವಾದವನ್ನು ನಾನು ಅಷ್ಟಾಗಿ ನೆಚ್ಚುವುದಿಲ್ಲ. ಕಳಿಸಿದ ಎಂಟನೇ ನಿಮಿಷಕ್ಕೆ ಹೆಬ್ಬೆರಳಿನ ಚಿತ್ರ ಬಂದರೆ ಓದಿಲ್ಲ ಎಂದರ್ಥ. ಅದಕ್ಕೇ ಕರಡಿನ ಜೊತೆ ಎರಡು ಪ್ರಶ್ನೆ ಕಳಿಸುತ್ತೇನೆ, ಇದನ್ನು ಓದಿದವರು ನಿಮ್ಮನ್ನು ಹೀಗೆ ಕೇಳಿದರೆ ಏನು ಹೇಳುತ್ತೀರಿ ಎಂದು. ಉತ್ತರ ಬಂದರೆ ಆ ಲೇಖನಕ್ಕೆ ತಂದೆ ಇದ್ದಾನೆ.

ಈ ಲೇಖನದಲ್ಲಿ ಗಂಟು ಬಿದ್ದದ್ದು ಬೇರೆ ಕಡೆ. ಅವರ ಪ್ರಚಾರ ವಿಭಾಗದ ಮುಖ್ಯಸ್ಥೆ ಕರೆ ಮಾಡಿ, ಹೂಡಿಕೆದಾರರ ಜೊತೆ ಮಾತುಕತೆ ನಡೆಯುತ್ತಿರುವಾಗ ‘ಮಿತಿ ಇಳಿಸಿದರು’ ಎಂದು ಬರೆಯುವುದು ಬೇಡ, ‘ನಾವು ನಿರ್ಧರಿಸಿದೆವು’ ಎನ್ನಿ ಎಂದರು. ಆಕೆಯ ಆತಂಕ ಸಕಾರಣವೇ. ಹಣಕಾಸು ಸಂಸ್ಥೆಯ ಹೆಸರನ್ನಂತೂ ಒಪ್ಪಂದದ ಪ್ರಕಾರ ಹೇಳುವಂತಿರಲಿಲ್ಲ. ಎಲ್ಲವನ್ನೂ ಹೇಳಬೇಕೆಂಬ ಹಟ ನನಗಿಲ್ಲ, ಹೇಳದೆ ಬಿಡುವುದು ಹೆಸರು ಹಾಕಿಕೊಂಡವರ ಹಕ್ಕು. ‘ನಿರ್ಧರಿಸಿದೆವು’ ಎಂಬುದು ಬಿಡುವುದಲ್ಲ, ಇಲ್ಲದ್ದನ್ನು ಇಡುವುದು. ಎರಡು ದಿನ ಎಳೆದಾಡಿ, ‘ಆ ಊರುಗಳಿಗೆ ಕೊಡಲು ಇದ್ದ ಹಣ ಕಡಿಮೆಯಾದಾಗ ನಿಲ್ಲಿಸಬೇಕಾಯಿತು’ ಎಂಬಲ್ಲಿಗೆ ಬಂದು ನಿಂತೆವು. ಕರ್ತೃ ಇಲ್ಲದ ವಾಕ್ಯ, ಆದರೆ ಸುಳ್ಳಿಲ್ಲ. ಅಪ್ಪನ ಉದ್ರಿ ಪುಸ್ತಕ ಬಿಟ್ಟುಹೋಯಿತು, ಯಾಕೆಂದರೆ ಅದರ ಬಗ್ಗೆ ಕೇಳಿದಾಗ ಅವರಿಗೆ ಹೇಳಲು ಹೆಚ್ಚೇನೂ ಇರಲಿಲ್ಲ. ಒಂಬೈನೂರು ಪದ ಕೇಳಿದ್ದವರಿಗೆ ಆರುನೂರು ಚಿಲ್ಲರೆ ಕೊಟ್ಟೆ.

ಅದರಲ್ಲಿ ಜನ ಎತ್ತಿ ಹಂಚಿಕೊಂಡದ್ದು ಒಂದೇ ಸಾಲು, ಕೊಡುವುದನ್ನು ನಿಲ್ಲಿಸಿದ ಮೇಲೆಯೇ ಕಟ್ಟುವವರು ಯಾರೆಂದು ತಿಳಿಯುತ್ತದೆ ಎಂಬುದು. ಆ ಸಾಲು ಫೌಂಡರ್‌ರದೂ ಅಲ್ಲ, ನನ್ನದೂ ಅಲ್ಲ. ವಸೂಲಿಯ ಹುಡುಗನ ಹೆಸರು ಹಾಕೋಣ ಎಂದು ಕೇಳಿದ್ದೆ. ಫೌಂಡರ್ ಒಪ್ಪಿದರು. ಆದರೆ ಅವನು ಅಷ್ಟರಲ್ಲಿ ಬೇರೆ ಕಂಪನಿ ಸೇರಿದ್ದ, ಫೋನಿಗೆ ಸಿಗಲಿಲ್ಲ, ಕೇಳದೆ ಹೆಸರು ಹಾಕುವುದು ಸರಿಯಲ್ಲ ಎಂದು ಅವರೇ ಅಂದರು. ಕೊನೆಗೆ ‘ನಮ್ಮ ವಸೂಲಿ ತಂಡದ ಸಹೋದ್ಯೋಗಿಯೊಬ್ಬರು’ ಎಂದು ಅಚ್ಚಾಯಿತು.