ಭಯ ಎಂದರೆ ಭಯವಾಗದು

ಒಂದು ಕಥಾಭಾಗವನ್ನು ಮುಂದಿಟ್ಟುಕೊಂಡು ಮಾತಾಡೋಣ. 2005ರ ಜುಲೈ 26ರ ಸಂಜೆ. ಮುಂಬಯಿಯ ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ದಾಖಲಾದ ದಿನ ಅದು. ರೈಲು ನಿಂತಿದೆ, ಬಸ್ಸು ಮುಳುಗಿದೆ. ಸುಮತಿ ಎಂಬ ಕನ್ನಡದ ಹೆಂಗಸೊಬ್ಬಳು ಸಾಂತಾಕ್ರೂಜಿನಿಂದ ವಿಲೆ ಪಾರ್ಲೆಯ ಇರ್ಲಾದ ಮನೆಗೆ ಎಸ್.ವಿ. ರೋಡಿನಲ್ಲಿ ನಡೆದು ಹೊರಟಿದ್ದಾಳೆ. ಸುಮತಿ ಕಲ್ಪನೆಯವಳು, ಮಳೆ ನಿಜದ್ದು. ಹೊಸದಾಗಿ ಬರೆಯುವವರು ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ:

“ಸುಮತಿಗೆ ತುಂಬ ಭಯವಾಯಿತು. ಎಲ್ಲೆಲ್ಲೂ ನೀರು ತುಂಬಿತ್ತು. ಆ ಕತ್ತಲಲ್ಲಿ ನಡೆಯುವುದು ಬಹಳ ಅಪಾಯಕರವಾಗಿತ್ತು. ಶಾಲೆಗೆ ಹೋದ ಮಗನ ಬಗ್ಗೆ ಆತಂಕವಾಗುತ್ತಿತ್ತು. ಕೊನೆಗೆ ಅವಳು ಹೆದರಿ ನಿಂತುಬಿಟ್ಟಳು.”

ಇದರಲ್ಲಿ ಸುಳ್ಳೇನೂ ಇಲ್ಲ. ಓದುಗನಿಗೆ ಸುಮತಿ ಹೆದರಿದ್ದಾಳೆಂಬ ಸುದ್ದಿ ತಲುಪುತ್ತದೆ, ಹೆದರಿಕೆ ತಲುಪುವುದಿಲ್ಲ. ಏಕೆ ಹೀಗೆ ಎಂದು ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನ ತನ್ನ ‘ಧ್ವನ್ಯಾಲೋಕ’ದಲ್ಲಿ ಕೇಳಿಕೊಂಡಿದ್ದ. ಅವನ ಉತ್ತರದ ತಿರುಳು ಇಷ್ಟು: ರಸವನ್ನು ಅದರ ಹೆಸರಿನಿಂದ ಹುಟ್ಟಿಸಲಾಗುವುದಿಲ್ಲ. ಹೆಸರು ಮಾತ್ರ ಇದ್ದು ಸಾಮಗ್ರಿ ಇಲ್ಲದಿದ್ದರೆ ರಸವೇ ಇಲ್ಲ. ಸಾಮಗ್ರಿ ಇದ್ದಲ್ಲಿ ಹೆಸರು ಬಂದರೆ, ಅದು ಆಗಲೇ ಹುಟ್ಟಿದ್ದನ್ನು ಇನ್ನೊಮ್ಮೆ ಹೇಳುತ್ತದೆ, ಅಷ್ಟೆ. ಮುಂದೆ ಮಮ್ಮಟ ‘ಕಾವ್ಯಪ್ರಕಾಶ’ದಲ್ಲಿ ಭಾವವನ್ನು ಅದರದೇ ಹೆಸರಿನಿಂದ ಕರೆಯುವುದನ್ನು ರಸದೋಷಗಳ ಪಟ್ಟಿಗೆ ಸೇರಿಸಿದ.

ಸಾಮಗ್ರಿ ಯಾವುದು? ಭರತನ ‘ನಾಟ್ಯಶಾಸ್ತ್ರ’ ಮೂರನ್ನು ಹೇಳುತ್ತದೆ. ಭಾವಕ್ಕೆ ಕಾರಣವಾಗಿ ಎದುರು ನಿಂತದ್ದು ವಿಭಾವ. ಭಾವ ಮೈಯಲ್ಲೂ ನಡೆಯಲ್ಲೂ ಮಾತಿನಲ್ಲೂ ಹೊರಬಿದ್ದದ್ದು ಅನುಭಾವ. ಶಂಕೆ, ಚಿಂತೆ, ದೈನ್ಯ, ಗಡಿಬಿಡಿಯಂತೆ ನಡುನಡುವೆ ಬಂದುಹೋಗುವ ಸಣ್ಣ ಭಾವಗಳು ವ್ಯಭಿಚಾರಿಗಳು. ಭಯಾನಕಕ್ಕೆ ಭರತ ಕೊಡುವ ವಿಭಾವಗಳಲ್ಲಿ ವಿಕಾರವಾದ ಸದ್ದು, ನರಿ ಗೂಬೆಗಳ ಕೂಗು, ಪಾಳುಮನೆ, ಕಾಡು ಇವೆ. ನಗರದಲ್ಲಿ ಇವು ಬೇರೆ ವೇಷದಲ್ಲಿ ಬರುತ್ತವೆ. ಯಶವಂತ ಚಿತ್ತಾಲರ ‘ಶಿಕಾರಿ’ಯಲ್ಲಿ ನಾಗಪ್ಪನನ್ನು ಬೆನ್ನಟ್ಟುವುದು ಮುಂಬಯಿಯ ಕಂಪನಿಯೊಂದರ ಒಳಸಂಚು.

‘ಹೇಳಬೇಡ, ತೋರಿಸು’ ಎಂಬ ಬುದ್ಧಿಮಾತನ್ನು ಕೇಳಿದ ಬರಹಗಾರ ಸಾಮಾನ್ಯವಾಗಿ ಮೊದಲು ಕೈಹಾಕುವುದು ಅನುಭಾವಕ್ಕೆ. “ಸುಮತಿಯ ಎದೆ ಡವಡವ ಹೊಡೆದುಕೊಂಡಿತು. ಕೈಕಾಲು ನಡುಗಿದವು. ಗಂಟಲು ಒಣಗಿತು.” ಭಯ ಎಂಬ ಪದ ಹೋಯಿತು, ಆದರೂ ತೊಂದರೆ ತೀರಲಿಲ್ಲ. ಮಧ್ಯಾಹ್ನದಿಂದ ಮಳೆಯಲ್ಲಿ ನೆನೆದವಳ ಕೈಕಾಲು ಚಳಿಗೂ ನಡುಗುತ್ತವೆ. ಸೊಂಟದವರೆಗಿನ ನೀರಿನಲ್ಲಿ ಮೈಲಿ ನಡೆದರೆ ಆಯಾಸಕ್ಕೂ ಎದೆ ಹೊಡೆದುಕೊಳ್ಳುತ್ತದೆ. ಮಮ್ಮಟ ಇದನ್ನು ಬಹಳ ಸ್ಪಷ್ಟವಾಗಿ ಕಂಡಿದ್ದ. ಹುಲಿ ಭಯಕ್ಕೆ ಕಾರಣವಾದಂತೆ ವೀರಕ್ಕೂ ಅದ್ಭುತಕ್ಕೂ ಆಗಬಲ್ಲದು. ಕಣ್ಣೀರು ಶೃಂಗಾರದಲ್ಲೂ ಬರುತ್ತದೆ, ಕರುಣದಲ್ಲೂ ಭಯದಲ್ಲೂ ಬರುತ್ತದೆ. ಚಿಂತೆಯೂ ಹಾಗೆಯೇ ಹಲವು ಮನೆಯ ಅತಿಥಿ. ಒಂದೊಂದೂ ಬಿಡಿಯಾಗಿ ಅನಿಶ್ಚಿತ, ಆದ್ದರಿಂದಲೇ ಭರತ ಮೂರನ್ನೂ ಸೇರಿಸಿ ಹೇಳಿದ ಎನ್ನುತ್ತಾನೆ ಅವನು. ಬರೆಯುವವರಿಗೆ ಇಡೀ ರಸಚರ್ಚೆಯಲ್ಲಿ ಇದಕ್ಕಿಂತ ಉಪಯೋಗದ ಮಾತು ನನಗೆ ಸಿಕ್ಕಿಲ್ಲ.

ಹಾಗಾದರೆ ನಡುಕವನ್ನು ಹೆಚ್ಚಿಸುವ ಬದಲು ಕಾರಣವನ್ನು ಹತ್ತಿರ ತರಬೇಕು. “ಎಲ್ಲೆಲ್ಲೂ ನೀರು” ಕಾರಣವಾಗಲಾರದು. ಅದು ದೂರದಿಂದ ಕಂಡ ನೋಟ. ನಡೆಯುವವಳ ಕಾಲಿಗೆ ತಾಗುವುದು ಒಂದು ಹೆಜ್ಜೆಯಷ್ಟು ನೀರು. ಕೊಳೆಯಾದ ನೀರಿನಡಿ ರಸ್ತೆ ಎಲ್ಲಿ, ಚರಂಡಿ ಎಲ್ಲಿ ಎಂದು ಕಾಣದು. ಅವಳ ಭಯ ಇರುವುದು ಅಲ್ಲಿ. ಇನ್ನು ಅನುಭಾವವೂ ಅವಳದೇ ಆಗಬೇಕು, ಯಾರ ಮೈಗಾದರೂ ಅಂಟಿಸಬಹುದಾದದ್ದು ಬೇಡ. “ಮಗನ ಬಗ್ಗೆ ಆತಂಕ” ಎಂಬಲ್ಲಿ ಅವಳ ಮನಸ್ಸು ಸಮಾಧಾನಕ್ಕೂ ಶಂಕೆಗೂ ನಡುವೆ ಓಡಾಡುವುದನ್ನೇ ಬರೆದರೆ ವ್ಯಭಿಚಾರಿ ತಾನಾಗಿ ಬರುತ್ತದೆ.

“ಇರ್ಲಾದ ಹತ್ತಿರ ಬರುವಾಗ ರಸ್ತೆಯ ನಡುವಿನ ಡಿವೈಡರೂ ಮುಳುಗಿತ್ತು. ಐದಾರು ಜನ ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಕೈಯಿಟ್ಟು ಸಾಲಾಗಿ ನಡೆಯುತ್ತಿದ್ದರು. ಎಲ್ಲರಿಗಿಂತ ಮುಂದಿದ್ದವನು ಮಡಚಿದ ಛತ್ರಿಯಿಂದ ನೆಲ ಕುಟ್ಟಿ ನೋಡಿ ಹೆಜ್ಜೆ ಇಡುತ್ತಿದ್ದ. ಸಾಲಿನಲ್ಲಿದ್ದ ಸುಮತಿ ಇನ್ನೊಂದು ಕೈಯಲ್ಲಿ ಮೊಬೈಲನ್ನು ತಲೆಗಿಂತ ಮೇಲೆ ಹಿಡಿದಿದ್ದಳು. ಸಿಗ್ನಲ್ ಇರಲಿಲ್ಲ. ಶಾಲೆಯವರು ಮಕ್ಕಳನ್ನು ಬಿಟ್ಟಿರಲಾರರು. ಬಿಟ್ಟಿದ್ದರೆ ಅವನು ನಾಲೆಯ ಪಕ್ಕದ ದಾರಿಯಲ್ಲೇ ಬರುತ್ತಾನೆ. ಇಲ್ಲ, ಬಿಟ್ಟಿರುವುದಿಲ್ಲ. ಛತ್ರಿ ಸರಕ್ಕನೆ ಹಿಡಿಯವರೆಗೂ ನೀರಿನೊಳಗೆ ಇಳಿಯಿತು. ಸಾಲು ನಿಂತಿತು. ಸುಮತಿ ಎತ್ತಿದ ಕಾಲು ಎತ್ತಿದಂತೆಯೇ ಇತ್ತು. ‘ಅಣ್ಣಾ, ಮುಂದೆ ಹೋಗಬೇಡಿ’ ಎಂದಳು. ಮುಂದಿದ್ದವನು ತಿರುಗಿ ‘ಕಾಯ್?’ ಎಂದು ಕೇಳಿದ ಮೇಲೂ ಅವಳು ಅದನ್ನೇ ಕನ್ನಡದಲ್ಲಿ ಇನ್ನೊಮ್ಮೆ ಹೇಳಿದಳು.”

ಇಲ್ಲಿ ಛತ್ರಿ ವಿಭಾವ. ಅದು ಆಳವನ್ನು ಅಳೆದು ತೋರಿಸಿತು, ಆದ್ದರಿಂದ ‘ಅಪಾಯಕರ’ ಎಂಬ ತೀರ್ಪು ಬೇಕಾಗಲಿಲ್ಲ. ಊರದೆ ಉಳಿದ ಕಾಲು ಭರತ ಹೇಳುವ ಸ್ತಂಭ. ಮರಾಠಿ, ಹಿಂದಿ ಬಲ್ಲ ಪಾರ್ಲೆಯ ಹೆಂಗಸಿನ ಬಾಯಿಂದ ಅಪರಿಚಿತನೆದುರು ತಾಯ್ನುಡಿ ಬಂದುಬಿಡುವುದು ಈ ಊರಿನ ಕನ್ನಡಿಗರಿಗೆ ಹೊಂದುವ ಅನುಭಾವ. ಚಳಿಗೆ ನಡುಗುವವಳು ಭಾಷೆ ಮರೆಯುವುದಿಲ್ಲ. ಆದರೂ ಛತ್ರಿಯನ್ನು ತೆಗೆದುಹಾಕಿ ಈ ಮಾತನ್ನಷ್ಟೇ ಉಳಿಸಿದರೆ ಅದು ಸಿಟ್ಟಾಗಿಯೂ ದಣಿವಾಗಿಯೂ ಕೇಳಬಹುದು.

ಹೆಸರನ್ನು ಎಲ್ಲ ಕಡೆಯೂ ಹೊಡೆದುಹಾಕಬೇಕೆಂದು ಇದರ ಅರ್ಥವಲ್ಲ. ‘ಶಾಕುಂತಲ’ದ ಮೊದಲ ಅಂಕದಲ್ಲಿ ದುಷ್ಯಂತನ ರಥದ ಮುಂದೆ ಓಡುವ ಜಿಂಕೆ ಇದೆ. ಕತ್ತು ಹೊರಳಿಸಿ ಹಿಂದೆ ನೋಡುತ್ತದೆ, ಮೈಯ ಹಿಂಭಾಗವನ್ನು ಮುಂದಕ್ಕೆ ಸೆಳೆದುಕೊಳ್ಳುತ್ತದೆ, ದಣಿದು ತೆರೆದ ಬಾಯಿಂದ ಅರ್ಧ ಅಗಿದ ದರ್ಭೆ ದಾರಿಯುದ್ದಕ್ಕೂ ಉದುರುತ್ತದೆ. ಅಭಿನವಗುಪ್ತ ಭಯಾನಕ ರಸವನ್ನು ವಿವರಿಸಲು ಆರಿಸಿಕೊಂಡದ್ದು ಇದನ್ನೇ. ಆ ಪದ್ಯದಲ್ಲಿ ಬಾಣದ ಭಯ ಎಂಬ ಮಾತು ಸಮಾಸವೊಂದರೊಳಗೆ ಇದ್ದೇ ಇದೆ. ಅದನ್ನು ಕಿತ್ತರೂ ಉದುರಿದ ಹುಲ್ಲು ಹೆದರಿಸುತ್ತದೆ. ಹುಲ್ಲು, ಕತ್ತು, ಬೆನ್ನಟ್ಟುವ ರಥ ಇವನ್ನು ಕಿತ್ತು ಆ ಮಾತನ್ನು ಉಳಿಸಿದರೆ ಏನೂ ಉಳಿಯದು.

ಮಮ್ಮಟನೂ ಒಂದು ವಿನಾಯಿತಿ ಕೊಟ್ಟಿದ್ದಾನೆ. ಅನುಭಾವವೊಂದೇ ವ್ಯಭಿಚಾರಿಯನ್ನು ಬೇರ್ಪಡಿಸಿ ತೋರಿಸಲಾರದ ಕಡೆ ಅದರ ಹೆಸರು ಹೇಳುವುದು ದೋಷವಲ್ಲ. ಸುಮತಿ ಮುಂದೆ ಶಾಲೆಯ ಗೇಟು ಕಂಡು ಬಿರಬಿರನೆ ನಡೆದಳೆನ್ನಿ. ಆ ಬಿರುಸು ಭಯದ್ದೋ, ಮಗನನ್ನು ನೋಡುವ ಆಸೆಯದ್ದೋ ನಡಿಗೆಯಿಂದ ಗೊತ್ತಾಗುವುದಿಲ್ಲ. ಅಲ್ಲಿ ‘ಆಸೆಯಿಂದ’ ಎಂದು ಒಂದು ಮಾತು ಹಾಕಿದರೆ ತಪ್ಪಿಲ್ಲ. ರೈಲು ನಿಂತಿತ್ತು, ಬಸ್ಸು ಮುಳುಗಿತ್ತು ಎಂಬ ಸಂಗತಿಗಳನ್ನೂ ಹೇಳಿಯೇ ಮುಗಿಸಬೇಕು. ಅವನ್ನೂ ತೋರಿಸಲು ಹೊರಟರೆ ಇರ್ಲಾ ತಲುಪುವ ಮೊದಲೇ ಓದುಗ ದಣಿಯುತ್ತಾನೆ.

ಬರೆದದ್ದನ್ನು ಪರೀಕ್ಷಿಸಲು ಭಯ, ಹೆದರಿಕೆ, ಆತಂಕ, ಗಾಬರಿ ಎಂಬ ಪದಗಳನ್ನೆಲ್ಲ ಹೊಡೆದು ಕಥೆ ಗೊತ್ತಿಲ್ಲದ ಒಬ್ಬರಿಗೆ ಓದಲು ಕೊಡಿ. ಅವಳಿಗೆ ಏನಾಗುತ್ತಿದೆ ಎಂದು ಕೇಳಿ. ‘ಚಳಿಯೇ? ಜ್ವರವೇ?’ ಎಂಬ ಉತ್ತರ ಬಂದರೆ ಲಕ್ಷಣಗಳಿವೆ, ಕಾರಣ ಇನ್ನೂ ದೂರದಲ್ಲಿದೆ. ‘ದೊಡ್ಡ ಮಳೆ ಬಂದಿದೆ’ ಎಂದಷ್ಟೇ ಹೇಳಿದರೆ ಕಾರಣವಿದೆ, ಅದು ಬಿದ್ದ ಮೈ ಇನ್ನೂ ಕಾಣಿಸಿಲ್ಲ.