ಮಂಗಳವಾದ ಮೇಲೆ

ಶಿರಸಿಯ ಮಳೆಗಾಲವನ್ನು ಬಲ್ಲವರಿಗೆ ಅಲ್ಲಿಯ ಸಂಜೆಗಳ ವಿಷಯವನ್ನು ಹೇಳಬೇಕಾಗಿಲ್ಲ. ಆರು ಗಂಟೆಗೇ ಕತ್ತಲು ಕವಿಯುತ್ತದೆ; ಹಂಚಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳುವುದಿಲ್ಲ. ಕಳೆದ ಆಷಾಢದಲ್ಲಿ ಅಂಥ ಸಂಜೆಗಳನ್ನು ನಾನು, ನನ್ನ ಹೆಂಡತಿ, ಹನ್ನೊಂದು ವರ್ಷದ ಮೊಮ್ಮಗಳು—ಮೂವರೂ ಸೇರಿ ‘ಮಾಲ್ಗುಡಿ ಡೇಸ್’ ನೋಡುತ್ತ ಕಳೆದೆವು. ಮಗ ಟಿ.ವಿ.ಗೆ ಇಂಟರ್‌ನೆಟ್ ಜೋಡಿಸಿಕೊಟ್ಟು ಬೆಂಗಳೂರಿಗೆ ಹೋಗಿದ್ದ. ಕರೆಂಟು ಇದ್ದ ದಿನ ಒಂದು ಕಂತು, ಮನಸ್ಸು ತಡೆಯದಿದ್ದರೆ ಎರಡು. ಶಂಕರನಾಗ್ ನಿರ್ದೇಶಿಸಿದ ಕಂತುಗಳು ಒಟ್ಟು 39. ಒಂದು ತಿಂಗಳಲ್ಲಿ ಎಲ್ಲವೂ ಮುಗಿದುಹೋದವು.

ಮುಗಿದ ಮರುದಿನ ಸಂಜೆ ಮೂವರೂ ಎಂದಿನ ಜಾಗಗಳಲ್ಲಿ ಕುಳಿತೆವು. “ಅಜ್ಜಾ, ಇನ್ನು ಎಂತ ನೋಡದು?” ಎಂದು ಮೊಮ್ಮಗಳು ಕೇಳಿದಳು. ಸುಲಭದ ಪ್ರಶ್ನೆ ಎಂದುಕೊಂಡೆ. ಒಂದು ವಾರದಲ್ಲಿ ಏಳೆಂಟು ಧಾರಾವಾಹಿಗಳನ್ನೂ ಚಿತ್ರಗಳನ್ನೂ ಹಾಕಿ ಹಾಕಿ ತೆಗೆದೆವು. ಹತ್ತು ನಿಮಿಷವಾಗುವಷ್ಟರಲ್ಲಿ ಅವಳು “ಇದು ಹಾಂಗಿಲ್ಲೆ” ಎನ್ನುವಳು, ನಾನೂ ತಲೆಯಾಡಿಸುವೆನು. ಎಂಟನೆಯ ದಿನ ಟಿ.ವಿ. ಹಾಕುವುದನ್ನೇ ಬಿಟ್ಟೆವು.

ಆಗ ನನ್ನಲ್ಲಿ ಒಂದು ಅನುಮಾನ ಹುಟ್ಟಿತು. ಯಾವುದೂ ಸಾಟಿಯಿಲ್ಲ ಎನ್ನುವಾಗ ನಾವು ಹಳೆಯದಕ್ಕೆ ನಿಷ್ಠೆ ತೋರಿಸುತ್ತಿದ್ದೇವೆಯೋ ಅಥವಾ ಹೊಸದಕ್ಕೆ ಅನ್ಯಾಯ ಮಾಡುತ್ತಿದ್ದೇವೆಯೋ? ಮೆಚ್ಚಿನ ಕೃತಿಯ ಮೇಲಿನ ಪ್ರೀತಿ ಮಿಕ್ಕೆಲ್ಲ ಕೃತಿಗಳ ಮೇಲಿನ ತಿರಸ್ಕಾರವಾಗಿ ಪರಿಣಮಿಸುವುದಾದರೆ ಅದು ಎಂಥ ಪ್ರೀತಿ?

ಮೊದಲು ನಮ್ಮ ತಕ್ಕಡಿಯನ್ನೇ ಪರೀಕ್ಷಿಸೋಣವೆಂದು ಕುಳಿತೆ. ಒಂದು ಕಂತಿಗೆ ಇಪ್ಪತ್ತೆರಡು ನಿಮಿಷವೆಂದು ಹಿಡಿದರೂ 39 ಕಂತುಗಳಿಗೆ ಹದಿನಾಲ್ಕು ಗಂಟೆಗೆ ಮೇಲಾಯಿತು. ಆ ಹದಿನಾಲ್ಕು ಗಂಟೆಗಳ ಒಟ್ಟು ನೆನಪನ್ನು ಒಂದು ತಟ್ಟೆಯಲ್ಲಿಟ್ಟು, ಹೊಸದೊಂದರ ಮೊದಲ ಹತ್ತು ನಿಮಿಷವನ್ನು ಇನ್ನೊಂದು ತಟ್ಟೆಯಲ್ಲಿಟ್ಟು ತೂಗುತ್ತಿದ್ದೆವು. ಅಷ್ಟೇ ಅಲ್ಲ, ಮೊದಲ ತಟ್ಟೆಯಲ್ಲಿ ಮಳೆಯ ಸದ್ದಿತ್ತು, ಹೆಂಡತಿ ಹುರಿದು ತಂದ ಹಲಸಿನ ಹಪ್ಪಳವಿತ್ತು, ಮೊಮ್ಮಗಳ ನಗೆಯಿತ್ತು. ಇವೆಲ್ಲ ಶಂಕರನಾಗ್ ಹಾಕಿದ ತೂಕವಲ್ಲ, ನಾವೇ ಸೇರಿಸಿದ್ದು. ಈ ಲೆಕ್ಕವನ್ನು ಹೆಂಡತಿಗೆ ಹೇಳಿದಾಗ ಅವಳು ನಕ್ಕು, ಮಾಲ್ಗುಡಿಯ ಮೊದಲನೆಯ ಸಂಜೆ ನಾನು ಕುರ್ಚಿಯಲ್ಲೇ ನಿದ್ದೆಹೋಗಿದ್ದನ್ನು ನೆನಪಿಸಿದಳು. ನನಗದು ಪೂರ್ತಿ ಮರೆತುಹೋಗಿತ್ತು. ಈಗ ಸಾಟಿಯಿಲ್ಲವೆಂದು ಹೊಗಳುವ ಕೃತಿಯನ್ನು ಅಂದು ಹತ್ತು ನಿಮಿಷದ ಪರೀಕ್ಷೆಗೆ ಒಡ್ಡಿದ್ದರೆ ಅದೂ ನಪಾಸಾಗುತ್ತಿತ್ತು!

ಅದೇ ರುಚಿ ಬೇಕೆಂದರೆ ಅದೇ ಅಂಗಡಿಗೆ ಹೋಗಬೇಕು ಎಂಬುದು ಲೋಕದ ಮಾತು. ಶಂಕರನಾಗ್ 1990ರ ಸೆಪ್ಟೆಂಬರಿನಲ್ಲಿ ದಾವಣಗೆರೆಯ ಬಳಿ ಅಪಘಾತದಲ್ಲಿ ತೀರಿಕೊಂಡರು. ಬಹಳ ವರ್ಷಗಳ ಮೇಲೆ, 2006ರಲ್ಲಿ, ಅದೇ ಹೆಸರಿನಲ್ಲಿ ಇನ್ನೂ 15 ಕಂತುಗಳು ಕವಿತಾ ಲಂಕೇಶ್ ಅವರ ನಿರ್ದೇಶನದಲ್ಲಿ ಬಂದವು. ಹಾಗಾದರೆ ಅವನ್ನೇ ನೋಡೋಣವೆಂದು ಹಾಕಿದೆ. ಹೆಸರು ಅದೇ, ಮೂಲ ಲೇಖಕರಾದ ಆರ್. ಕೆ. ನಾರಾಯಣ್ ಅವರೇ. ಆದರೆ ನಮ್ಮ ಕಣ್ಣು ಕಥೆಯನ್ನು ನೋಡಲೇ ಇಲ್ಲ. ವ್ಯತ್ಯಾಸಗಳನ್ನು ಎಣಿಸುತ್ತ ಕುಳಿತಿತು. ಈ ಬೀದಿ ಆ ಬೀದಿಯಲ್ಲ, ಈ ಮುಖ ಆ ಮುಖವಲ್ಲ. ಮೊಮ್ಮಗಳಂತೂ “ಸ್ವಾಮಿ ಯಾವಾಗ ಬತ್ತಾ?” ಎಂದು ಕೇಳುತ್ತಲೇ ಇದ್ದಳು. ಆ ನಿರ್ದೇಶಕರು ಏನು ಮಾಡಿದ್ದಾರೆಂದು ತಿಳಿಯುವ ಮೊದಲೇ ಏನು ಮಾಡಿಲ್ಲವೆಂದು ತೀರ್ಪು ಕೊಟ್ಟುಬಿಟ್ಟೆವು. ಹೆಚ್ಚು ಹೋಲುವುದೇ ಹೆಚ್ಚು ನಿರಾಶೆಗೊಳಿಸುತ್ತದೆ ಎಂಬ ವಿಚಿತ್ರ ಅಂದು ನನಗೆ ಅನುಭವಕ್ಕೆ ಬಂತು. ತೀರಿಹೋದ ಅಣ್ಣನ ಮುಖವನ್ನೇ ಹೋಲುವ ಅಪರಿಚಿತನೊಬ್ಬ ಪೇಟೆಯಲ್ಲಿ ಎದುರಾದರೆ ಸಮಾಧಾನವಾಗುವುದೇ? ಇಲ್ಲ, ಅವನು ಅಣ್ಣನಲ್ಲ ಎಂಬುದೇ ಎದ್ದು ಕಾಣುತ್ತದೆ.

ಇದರ ಗುಟ್ಟನ್ನು ಬಿಡಿಸಿದವರು ಸಿದ್ದಾಪುರದ ನನ್ನ ಭಾವ. ತಂಗಿಯ ಮನೆಗೆ ಹೋಗಿದ್ದಾಗ ಊಟದ ಮೇಲೆ ಕವಳ ಹಾಕುತ್ತ ನಮ್ಮ ಮನೆಯ ಈ ಪೇಚಾಟವನ್ನು ಅವರಿಗೆ ಹೇಳಿದೆ. ಭಾವ ಟಿ.ವಿ. ನೋಡುವವರಲ್ಲ, ಯಕ್ಷಗಾನದ ಹುಚ್ಚಿನವರು. “ನಿಮಗೆ ಆದದ್ದೇ ನನಗೂ ಆಗಿತ್ತು” ಎಂದರು. ಅವರು ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ಎಷ್ಟು ಸಲ ನೋಡಿದ್ದರೋ ಲೆಕ್ಕವಿಲ್ಲ. 2017ರಲ್ಲಿ ಚಿಟ್ಟಾಣಿಯವರು ತೀರಿಕೊಂಡ ಮೇಲೆ ಭಾವ ಒಂದೆರಡು ಕಡೆ ಬೇರೆಯವರ ಕೀಚಕನನ್ನು ನೋಡಲು ಹೋಗಿ, ನಡುರಾತ್ರಿಯೇ ಎದ್ದು ಬಂದರಂತೆ. ಬಂದು, ಯಕ್ಷಗಾನವೇ ಮುಗಿಯಿತೆಂದು ಮನೆಯಲ್ಲಿ ಕುಳಿತರು. ಕಡೆಗೆ ಯಾರೋ ಒತ್ತಾಯ ಮಾಡಿ ಯಲ್ಲಾಪುರದಲ್ಲಿ ಒಂದು ತಾಳಮದ್ದಲೆಗೆ ಕರೆದುಕೊಂಡು ಹೋದರು.

ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯವಾದ ಮೇಲೆ ಅರ್ಥಧಾರಿಗಳು ಪಂಚೆ ಶಾಲಿನಲ್ಲಿ ಎದುರುಬದುರು ಕುಳಿತು ಮಾತಿನಲ್ಲೇ ಪ್ರಸಂಗವನ್ನು ಕಟ್ಟುತ್ತಾರೆ. “ಅಲ್ಲಿ ಹೆಜ್ಜೆ ಇದ್ದರಲ್ಲವೋ ಚಿಟ್ಟಾಣಿಯ ಹೆಜ್ಜೆ ನೆನಪಾಗುವುದು?” ಎಂದರು ಭಾವ. “ಅಳೆಯುವ ಕೋಲನ್ನು ಹಿಡಿಯಲು ಜಾಗವೇ ಇರಲಿಲ್ಲ. ಹಾಗಾಗಿ ಸುಮ್ಮನೆ ಕೇಳಿದೆ. ಆದರೆ ಬೆಳಗಿನ ಬಸ್ಸಿನಲ್ಲಿ ಬರುವಾಗ ಒಂದು ಹೊಳೆಯಿತು ನೋಡು. ನಾನು ಕಳೆದುಕೊಂಡೆ ಅಂದುಕೊಂಡದ್ದು ಕುಣಿತ ಒಂದನ್ನೇ ಅಲ್ಲ. ಗೊತ್ತಿದ್ದ ಕಥೆಯಲ್ಲೇ ಇವನು ಈಗ ಏನು ಮಾಡುತ್ತಾನೋ ಎಂದು ಕಾಯುತ್ತಿದ್ದೆನಲ್ಲ, ಆ ಕಾಯುವುದನ್ನು ಕಳೆದುಕೊಂಡಿದ್ದೆ. ಅದು ಯಲ್ಲಾಪುರದಲ್ಲಿ ಸಿಕ್ಕಿತು.”

ಶಿರಸಿಗೆ ಮರಳುವ ಬಸ್ಸಿನಲ್ಲಿ ನಾನೂ ಅದನ್ನೇ ಯೋಚಿಸಿದೆ. ‘ಮಾಲ್ಗುಡಿ ಮುಗಿಯಿತು’ ಎಂದು ಮೂವರೂ ಒಂದೇ ಮಾತನ್ನು ಆಡುತ್ತಿದ್ದೆವು. ಆದರೆ ಮೂವರಿಗೂ ಮುಗಿದದ್ದು ಒಂದೇ ವಸ್ತುವೇ? ರಾತ್ರಿ ಊಟಕ್ಕೆ ಕುಳಿತಾಗ, ಎಲ್ಲಕ್ಕಿಂತ ಹೆಚ್ಚಾಗಿ ನೆನಪಿರುವುದು ಯಾವುದೆಂದು ಒಬ್ಬೊಬ್ಬರನ್ನೂ ಕೇಳಿದೆ. ಮೊಮ್ಮಗಳಿಗೆ ಸ್ವಾಮಿಯ ಶಾಲೆ, ಅವನ ಗೆಳೆಯರು, ದೊಡ್ಡವರಿಗೆ ಅವರು ಹೆದರುವುದು, ಹೆದರಿಯೂ ಎದುರಾಡುವುದು. ಹೆಂಡತಿಗೆ ಎಲ್. ವೈದ್ಯನಾಥನ್ ಅವರ ಸಂಗೀತ ಮತ್ತು ಆಗುಂಬೆಯ ಆ ದೊಡ್ಡ ಮನೆ. ನನಗೆ? ಸ್ವಲ್ಪ ಹೊತ್ತು ಯೋಚಿಸಬೇಕಾಯಿತು. ವಿಷ್ಣುವರ್ಧನ್ ಗುಮಾಸ್ತ ವೆಂಕಟರಾಯನಾಗಿರುವ ಕಂತು. ಮಗಳನ್ನು ಸಂಜೆ ಸಿನೆಮಾಕ್ಕೆ ಕರೆದೊಯ್ಯುತ್ತೇನೆಂದು ಮಾತು ಕೊಟ್ಟಿರುತ್ತಾನೆ. ಆಫೀಸಿನಿಂದ ಬಿಡುವು ಸಿಗುವುದಿಲ್ಲ. ರೋಸಿ ರಾಜೀನಾಮೆ ಬರೆಯುತ್ತಾನೆ. ಅಷ್ಟರಲ್ಲಿ ಸಂಬಳ ನಲವತ್ತರಿಂದ ನಲವತ್ತೈದು ರೂಪಾಯಿಗೆ ಏರಿದೆಯೆಂದು ತಿಳಿಯುತ್ತದೆ. ರಾಜೀನಾಮೆಯ ಕಾಗದ ಹಿಂದಕ್ಕೆ ಬರುತ್ತದೆ. ಮನೆಗೆ ಬರುವ ಹೊತ್ತಿಗೆ ಮಗು ನಿದ್ದೆಹೋಗಿರುತ್ತದೆ. ಮೂವತ್ತಾರು ವರ್ಷ ಕಚೇರಿಯಲ್ಲಿ ದುಡಿದ ನನಗೆ ಆ ಐದು ರೂಪಾಯಿಯ ಭಾರ ಗೊತ್ತು.

ಅಂದಮೇಲೆ ನಾನು ಹುಡುಕಬೇಕಾದದ್ದು ಇನ್ನೊಂದು ಮಾಲ್ಗುಡಿಯನ್ನಲ್ಲ. ನನ್ನ ಮನಸ್ಸು ಹಿಡಿದುಕೊಂಡ ಆ ಒಂದು ಎಳೆ ಇರಬೇಕು. ಮಿಕ್ಕಿದ್ದೆಲ್ಲ ಬೇರೆಯಾಗಿದ್ದಷ್ಟೂ ಒಳ್ಳೆಯದು. ಹಾಗೆ ಯೋಚಿಸಿದಾಗ ಗಿರೀಶ ಕಾಸರವಳ್ಳಿಯವರ ‘ತಬರನ ಕಥೆ’ ನೆನಪಾಯಿತು. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿದ ಈ ಚಿತ್ರ ಮಾಲ್ಗುಡಿಯ ಕಾಲದ್ದೇ. 1986ರ ಸಾಲಿನ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದದ್ದು. ನಿವೃತ್ತನಾದ ಪುರಸಭೆಯ ಸಣ್ಣ ನೌಕರ ತಬರ, ಹೆಂಡತಿಯ ಕಾಲಿನ ರೋಗಕ್ಕೆ ಔಷಧ ಮಾಡಿಸಲು ತನ್ನ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಹಣ ಮಂಜೂರಾಗುವ ಹೊತ್ತಿಗೆ ಅದು ಬೇಕಾದವಳೇ ಇರುವುದಿಲ್ಲ. ಇಲ್ಲಿ ಮಾಲ್ಗುಡಿಯ ನಗು ಇಲ್ಲ, ಆ ಬೆಚ್ಚನೆಯ ಜಗಲಿಯಿಲ್ಲ. ಆದರೆ ವೆಂಕಟರಾಯನ ಕಂತು ಅರ್ಧಕ್ಕೆ ಬಿಟ್ಟ ಪ್ರಶ್ನೆಯನ್ನು ಇದು ಎತ್ತಿಕೊಂಡು ಕೊನೆಯವರೆಗೆ ಒಯ್ಯುತ್ತದೆ. ಮೊಮ್ಮಗಳು ಮಲಗಿದ ಮೇಲೆ ಒಬ್ಬನೇ ನೋಡಿದೆ. ಚಾರುಹಾಸನ್ ಅವರ ಮುಖವನ್ನು ವಿಷ್ಣುವರ್ಧನರ ಮುಖದೊಡನೆ ಹೋಲಿಸಬೇಕೆಂದು ಒಮ್ಮೆಯೂ ತೋರಲಿಲ್ಲ.

ಮೊಮ್ಮಗಳಿಗಾಗಿ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’ ಆರಿಸಿದೆ. 2018ರಲ್ಲಿ ಬಂದ, ರಿಷಬ್ ಶೆಟ್ಟಿಯವರ ಚಿತ್ರ. ಮುಚ್ಚಿಹೋಗಲಿರುವ ಕನ್ನಡ ಶಾಲೆಯೊಂದನ್ನು ಉಳಿಸಿಕೊಳ್ಳಲು ಹೊರಟ ಮಕ್ಕಳ ಕಥೆ. ಗದ್ದಲ, ಹಾಡು, ತಮಾಷೆ—ಸ್ವಾಮಿಯ ಕಾಲದ ನಿಧಾನ ಅದರಲ್ಲಿಲ್ಲ. ಆದರೆ ಶಾಲೆಯಿದೆ, ಗೆಳೆಯರಿದ್ದಾರೆ, ದೊಡ್ಡವರೆದುರು ನಿಲ್ಲುವ ಧೈರ್ಯವಿದೆ. ಮೊದಲ ಅರ್ಧ ಗಂಟೆ ಮುಖ ಗಂಟಿಕ್ಕಿಕೊಂಡೇ ಕುಳಿತಿದ್ದಳು. ಮಕ್ಕಳ ಪರವಾಗಿ ವಾದಿಸಲು ಅನಂತನಾಗ್ ಬಂದಾಗ, ಮಾಲ್ಗುಡಿಯಲ್ಲಿ ಮಿಠಾಯಿ ಮಾರುವ ಜಗನ್ ಆಗಿದ್ದವರು ಇವರೇ ಎಂದು ಹೇಳಿದೆ. ನಂಬದೆ ತಿರುಗಿ ತಿರುಗಿ ನೋಡಿದಳು. ಆಮೇಲೆ ಏಳಲಿಲ್ಲ.

ಹೀಗೆ ಆರಿಸಿದ್ದೆಲ್ಲ ಫಲಿಸುತ್ತದೆಂದು ನಾನು ಹೇಳಲಾರೆ. ಹೊಸದು ನಿಜವಾಗಿಯೂ ಕಳಪೆಯಾಗಿರುವುದೂ ಉಂಟು. ಹೆಂಡತಿಗಾಗಿ ತಂದ ಒಂದು ಧಾರಾವಾಹಿಯನ್ನು ಮೂರು ಸಂಜೆ ನೋಡಿ ಕೈಬಿಟ್ಟೆವು. ಆದರೆ ಬಿಡುವ ಮುನ್ನ ನಮ್ಮ ದೂರನ್ನೇ ಒಮ್ಮೆ ಒರೆಗೆ ಹಚ್ಚಿದೆವು. ‘ಇದರಲ್ಲಿ ಸ್ವಾಮಿಯಿಲ್ಲ, ಆ ಸಂಗೀತವಿಲ್ಲ’ ಎಂಬುದು ದೂರಾದರೆ ಅದು ಹೊಸದರ ದೋಷವಲ್ಲ. ನಮ್ಮ ಅಗಲಿಕೆಯ ದುಃಖ. ‘ತಾಯಿಯಾದವಳು ಹೀಗೆ ಮಾತಾಡುವುದಿಲ್ಲ, ನಿನ್ನೆ ಅತ್ತವಳು ಇಂದು ಕಾರಣವಿಲ್ಲದೆ ನಗುತ್ತಾಳೆ’ ಎಂಬುದು ದೂರಾದರೆ ಅದು ಕೃತಿಯದೇ ದೋಷ, ಧಾರಾಳವಾಗಿ ಬಿಡಬಹುದು. ನಾವು ಬಿಟ್ಟದ್ದು ಎರಡನೆಯ ಕಾರಣಕ್ಕೆ. ಹಿಂದಿನ ವಾರ ಏಳೆಂಟನ್ನು ಬಿಟ್ಟದ್ದು ಮಾತ್ರ ಮೊದಲನೆಯ ಕಾರಣಕ್ಕೆ ಎಂಬುದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಯಕ್ಷಗಾನದಲ್ಲಿ ಬೆಳಗಾಗುವಾಗ ಭಾಗವತರು ಮಂಗಳ ಹಾಡುತ್ತಾರೆ. ಪ್ರಸಂಗ ಮುಗಿಯಿತು ಎಂದು ನೋಡುವವನಿಗೂ ಆಡುವವನಿಗೂ ಒಟ್ಟಿಗೇ ತಿಳಿಯುತ್ತದೆ. ಕಣ್ಣುಜ್ಜಿಕೊಂಡು ಮನೆಗೆ ಹೋಗುತ್ತೇವೆ. ಟಿ.ವಿ.ಯಲ್ಲಿ ಆ ವ್ಯವಸ್ಥೆಯಿಲ್ಲ. ಒಂದು ಮುಗಿಯುವ ಮೊದಲೇ ಇನ್ನೊಂದು ತಾನಾಗಿ ಶುರುವಾಗುತ್ತದೆ. ನಾವು ಮಾಲ್ಗುಡಿಗೆ ಮಂಗಳ ಹಾಡದೆಯೇ ಮುಂದಿನದಕ್ಕೆ ಕೈಹಾಕಿದ್ದೆವು ಎಂದು ಕಾಣುತ್ತದೆ. ಅಂದು ಊಟದ ಹೊತ್ತಿನಲ್ಲಿ ಒಬ್ಬೊಬ್ಬರೂ ನೆನಪಾದದ್ದನ್ನು ಹೇಳಿಕೊಂಡೆವಲ್ಲ, ನಮ್ಮ ಮನೆಯಲ್ಲಿ ಅದೇ ಮಂಗಳ.

ಹೆಂಡತಿಗೆ ಒಪ್ಪುವಂಥದ್ದು ಇನ್ನೂ ಸಿಕ್ಕಿಲ್ಲ. ಅವಳಿಗೇನೂ ಅವಸರವಿದ್ದಂತಿಲ್ಲ. ಮೊನ್ನೆ ಅಡಿಗೆಮನೆಯಲ್ಲಿ ದೋಸೆ ಹೊಯ್ಯುತ್ತ ವೈದ್ಯನಾಥನ್ ಅವರ ಆ ರಾಗವನ್ನು ಗುನುಗುತ್ತಿದ್ದಳು.